ವರ್ಷದ ಕೊನೆಗೆ ಸೋತಿದ್ದರೂ ಆನ್‌ಲೈನ್ ಆಟದ ಗೆಲುವಿಗೆ ತೆರಿಗೆ ನೋಟಿಸ್

ಪ್ರಶ್ನೆ: ನಾನು ಖಾಸಗಿ ಕಂಪನಿಯೊಂದರ ನೌಕರ, ವರ್ಷಕ್ಕೆ ಸುಮಾರು 11 ಲಕ್ಷ ಸಂಬಳ. 2024-25ರಲ್ಲಿ ಎರಡು ಕಂಪನಿಗಳ ರಮ್ಮಿ ಆ್ಯಪ್‌ಗಳಲ್ಲಿ ಹೊಸದಾಗಿ ಖಾತೆ ತೆರೆದು ಆಡಿದೆ. ಮೊದಲನೆಯದಕ್ಕೆ ಏಪ್ರಿಲ್‌ನಿಂದ ಜುಲೈವರೆಗೆ ₹40,000 ಹಾಕಿ, ಜುಲೈ ಕೊನೆಯಲ್ಲಿ ₹1,90,000 ತೆಗೆದೆ. ಅದರಲ್ಲಿ ₹45,000 ಟಿಡಿಎಸ್ ಹಿಡಿದರು. ಆಮೇಲೆ ಅದೇ ಆ್ಯಪ್‌ಗೆ ಮತ್ತೆ ₹1,10,000 ಹಾಕಿ ಪೂರ್ತಿ ಸೋತೆ. ಎರಡನೆಯದಕ್ಕೆ ₹2,60,000 ಹಾಕಿದ್ದೆ, ವಾಪಸ್ ಬಂದದ್ದು ₹70,000. ಮಾರ್ಚ್ 31ರಂದು ಎರಡರಲ್ಲೂ ಒಂದು ರೂಪಾಯಿ ಉಳಿದಿರಲಿಲ್ಲ. ಒಟ್ಟಿನಲ್ಲಿ ಒಂದೂವರೆ ಲಕ್ಷ ಕಳೆದುಕೊಂಡಿದ್ದರಿಂದ ಐಟಿಆರ್-2ರಲ್ಲಿ ಗೆಲುವನ್ನು ತೋರಿಸಲಿಲ್ಲ. ₹45,000 ಟಿಡಿಎಸ್ ಮಾತ್ರ ವಾಪಸ್ ಕೇಳಿದೆ. ಈಗ 139(9)ರ ಅಡಿ ನೋಟಿಸ್ ಬಂದಿದೆ. ತೆರಿಗೆ ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯಾದ ಎಐಎಸ್‌ನಲ್ಲಿ ₹1,50,000 ಗೆಲುವು ಎಂದು ಕಾಣಿಸುತ್ತಿದೆ. ಸೋತವನು ತೆರಿಗೆ ಏಕೆ ಕಟ್ಟಬೇಕು? ಈ ನೋಟಿಸ್‌ಗೆ ಏನೆಂದು ಉತ್ತರಿಸಲಿ?
— ಹೆಸರು ಬೇಡ, ದಾವಣಗೆರೆ

ಉತ್ತರ: ನೀವು ತೋರಿಸಿದ ಸೊನ್ನೆಯೂ ಸರಿಯಲ್ಲ, ಎಐಎಸ್‌ನಲ್ಲಿರುವ ಒಂದೂವರೆ ಲಕ್ಷವೂ ನಿಮ್ಮ ತೆರಿಗೆಯ ಆದಾಯವಲ್ಲ. ನಿಮ್ಮ ವಿವರಗಳ ಪ್ರಕಾರ ತೆರಿಗೆಗೆ ಒಳಪಡುವ ಗೆಲುವು ₹40,000. ನೀವು ಕೇಳಿದ ₹45,000ದಲ್ಲಿ ಬಹುಪಾಲು, ಅಂದರೆ ₹32,520, ನಿಮಗೆ ಬರಬೇಕಾದ ಹಣವೇ ಆಗಿದೆ. ಆದರೆ ಗೆಲುವಿನ ಕಾಲಂ ಖಾಲಿ ಬಿಟ್ಟು ಅದನ್ನು ಕೇಳಿದರೆ ಸಿಗುವುದಿಲ್ಲ.

ನೀವು ಆಡಿದ ವರ್ಷದ ಆನ್‌ಲೈನ್ ಆಟಗಳಿಗೆ ಆದಾಯ ತೆರಿಗೆ ಕಾಯ್ದೆ, 1961ರಲ್ಲಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಎರಡು ಪ್ರತ್ಯೇಕ ಕಲಮುಗಳು ಅನ್ವಯಿಸುತ್ತವೆ. ಕಲಂ 194ಬಿಎ ಆ್ಯಪ್ ನಡೆಸುವ ಕಂಪನಿಗೆ ಸಂಬಂಧಿಸಿದ್ದು. ನಿವ್ವಳ ಗೆಲುವಿನ ಮೇಲೆ ಶೇ 30ರಷ್ಟು ತೆರಿಗೆಯನ್ನು ಮೂಲದಲ್ಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ಹೊಣೆಯನ್ನು ಅದು ಕಂಪನಿಯ ಮೇಲೆ ಹೊರಿಸುತ್ತದೆ. ಕಲಂ 115ಬಿಬಿಜೆ ಆಟಗಾರನಿಗೆ ಸಂಬಂಧಿಸಿದ್ದು. ವರ್ಷದ ನಿವ್ವಳ ಗೆಲುವಿನ ಮೇಲೆ ಅವನು ಅಂತಿಮವಾಗಿ ಕೊಡಬೇಕಾದ ಶೇ 30ರ ತೆರಿಗೆಯನ್ನು ಅದು ವಿಧಿಸುತ್ತದೆ. ದರ ಒಂದೇ ಆಗಿರುವುದರಿಂದ ಎರಡೂ ಒಂದೇ ಲೆಕ್ಕವೆಂದು ಹೆಚ್ಚಿನವರು ಭಾವಿಸುತ್ತಾರೆ, ಕೆಲವು ತೆರಿಗೆ ಸಲಹೆಗಾರರೂ ಸಹ. ಆದರೆ ಒಂದು ಲೆಕ್ಕ ಹಣ ತೆಗೆದ ದಿನ ನಡೆಯುತ್ತದೆ, ಇನ್ನೊಂದು ವರ್ಷ ಮುಗಿದ ಮೇಲೆ. ನಿಮ್ಮ ಗೊಂದಲದ ಮೂಲ ಇಲ್ಲಿದೆ.

ಎರಡೂ ಲೆಕ್ಕಗಳ ವಿಧಾನವನ್ನು ಆದಾಯ ತೆರಿಗೆ ನಿಯಮಾವಳಿಯ 133ನೇ ನಿಯಮ ಹೇಳುತ್ತದೆ. ವರ್ಷದ ಮೊದಲ ಬಾರಿ ಹಣ ತೆಗೆಯುವಾಗ, ತೆಗೆದ ಮೊತ್ತದಿಂದ ಆ ದಿನದವರೆಗೆ ನೀವು ಹಾಕಿದ ಸ್ವಂತ ಹಣವನ್ನೂ ವರ್ಷದ ಆರಂಭದಲ್ಲಿ ಖಾತೆಯಲ್ಲಿದ್ದ ಬಾಕಿಯನ್ನೂ ಕಳೆದರೆ ಉಳಿಯುವುದೇ ನಿವ್ವಳ ಗೆಲುವು. ಜುಲೈನಲ್ಲಿ ನೀವು ತೆಗೆದ ₹1,90,000ದಿಂದ ₹40,000 ಕಳೆದು, ಉಳಿದ ₹1,50,000ದ ಮೇಲೆ ಶೇ 30ರಂತೆ ₹45,000 ಹಿಡಿದಿದ್ದಾರೆ. ಅಂದಿನ ಮಟ್ಟಿಗೆ ಕಂಪನಿ ಮಾಡಿದ್ದು ಸರಿ. ಮುಂದೆ ನೀವು ಎಷ್ಟು ಹಾಕುತ್ತೀರಿ, ಎಷ್ಟು ಸೋಲುತ್ತೀರಿ ಎಂಬುದು ಅದಕ್ಕೆ ತಿಳಿಯುವಂತಿರಲಿಲ್ಲ.

ಆಮೇಲೆ ₹1,10,000 ಸೋತಾಗ ಹಿಡಿದ ತೆರಿಗೆಯನ್ನು ಕಂಪನಿ ಹಿಂದಿರುಗಿಸುವುದಿಲ್ಲ, ಏಕೆಂದರೆ ಆ ಹಣ ನಿಮ್ಮ ಪ್ಯಾನ್ ಹೆಸರಿನಲ್ಲಿ ಸರ್ಕಾರಕ್ಕೆ ಸಂದಾಯವಾಗಿರುತ್ತದೆ. ಅದೇ ವರ್ಷ ನೀವು ಮತ್ತೊಮ್ಮೆ ಹಣ ತೆಗೆದಿದ್ದರೆ, ಈಗಾಗಲೇ ತೆರಿಗೆ ಹಿಡಿದಿರುವ ಒಂದೂವರೆ ಲಕ್ಷವನ್ನು ಹೊಸ ಲೆಕ್ಕದಲ್ಲಿ ಕಳೆಯಬೇಕಾಗುತ್ತಿತ್ತು, ಅಷ್ಟೇ. ಮಾರ್ಚ್ 31ರಂದು ಮಾಡುವ ಕೊನೆಯ ಲೆಕ್ಕದಲ್ಲಿ ಮೊತ್ತ ಸೊನ್ನೆಗಿಂತ ಕೆಳಗಿಳಿದರೆ ಹೊಸದಾಗಿ ತೆರಿಗೆ ಹಿಡಿಯುವುದಿಲ್ಲ, ಹಳೆಯದನ್ನು ತಿದ್ದುವುದೂ ಇಲ್ಲ. ಹೀಗಾಗಿ ಎಐಎಸ್‌ನಲ್ಲಿ ಜುಲೈ ತಿಂಗಳ ಒಂದೂವರೆ ಲಕ್ಷ ಹಾಗೆಯೇ ನಿಂತಿದೆ. ಅದು ತೆರಿಗೆ ಹಿಡಿದ ದಿನದ ದಾಖಲೆಯೇ ಹೊರತು ನಿಮ್ಮ ವರ್ಷದ ಆದಾಯದ ಪ್ರಮಾಣಪತ್ರವಲ್ಲ.

ನಿಮ್ಮ ತೆರಿಗೆಯನ್ನು ನಿರ್ಧರಿಸುವ 115ಬಿಬಿಜೆ ಲೆಕ್ಕ ಇಡೀ ವರ್ಷವನ್ನು ನೋಡುತ್ತದೆ. ವರ್ಷದಲ್ಲಿ ತೆಗೆದ ಒಟ್ಟು ಹಣಕ್ಕೆ ಮಾರ್ಚ್ 31ರ ಬಾಕಿಯನ್ನು ಕೂಡಿಸಿ, ಅದರಿಂದ ವರ್ಷದಲ್ಲಿ ಹಾಕಿದ ಒಟ್ಟು ಸ್ವಂತ ಹಣವನ್ನೂ ಆರಂಭದ ಬಾಕಿಯನ್ನೂ ಕಳೆಯಬೇಕು. ಮೊದಲ ಆ್ಯಪ್‌ನಲ್ಲಿ ನೀವು ತೆಗೆದದ್ದು ₹1,90,000, ಹಾಕಿದ್ದು ಒಟ್ಟು ₹1,50,000, ಎರಡೂ ತುದಿಯ ಬಾಕಿ ಸೊನ್ನೆ. ಆದ್ದರಿಂದ ನಿವ್ವಳ ಗೆಲುವು ₹40,000. ಶೇ 30ರಂತೆ ತೆರಿಗೆ ₹12,000, ಶೇ 4ರ ಸೆಸ್ ₹480, ಒಟ್ಟು ₹12,480. ಈಗಾಗಲೇ ₹45,000 ಹಿಡಿದಿರುವುದರಿಂದ, ಸಂಬಳದ ತೆರಿಗೆ ಸರಿಯಾಗಿ ಕಡಿತವಾಗಿದೆಯೆಂದು ಇಟ್ಟುಕೊಂಡರೆ, ₹32,520 ಮರುಪಾವತಿಯಾಗಬೇಕು. ಬ್ಯಾಂಕಿಗೆ ಬಂದದ್ದು ₹1,45,000 ಮಾತ್ರವೆಂದು ಅದನ್ನೇ ಲೆಕ್ಕಕ್ಕೆ ಹಿಡಿಯಬೇಡಿ. ತೆರಿಗೆ ಕಡಿತಕ್ಕೆ ಮುಂಚಿನ ₹1,90,000ವೇ ನೀವು ತೆಗೆದ ಮೊತ್ತ.

ಇನ್ನು ಎರಡನೆಯ ಆ್ಯಪ್. ಅಲ್ಲಿನ ₹1,90,000 ನಷ್ಟವನ್ನು ಮೊದಲ ಆ್ಯಪ್‌ನ ₹40,000 ಗೆಲುವಿನಲ್ಲಿ ಕಳೆಯಬಹುದೇ ಎಂಬುದೇ ನಿಮ್ಮ ನಿಜವಾದ ಅಳಲು ಎಂದು ತಿಳಿಯುತ್ತೇನೆ. ನಿಯಮವು ಒಂದೇ ಕಂಪನಿಯಲ್ಲಿ ಒಬ್ಬ ಆಟಗಾರನಿಗೆ ಇರುವ ಎಲ್ಲ ಖಾತೆಗಳನ್ನು ಒಟ್ಟುಗೂಡಿಸಲು ಹೇಳುತ್ತದೆ. ಬೇರೆ ಕಂಪನಿಯ ಖಾತೆಯನ್ನು ಈ ಲೆಕ್ಕದೊಳಕ್ಕೆ ತರಲು ಅದರಲ್ಲಿ ಅವಕಾಶ ಕಾಣುವುದಿಲ್ಲ. ಎರಡೂ ಆ್ಯಪ್‌ಗಳು ಒಂದೇ ಕಂಪನಿಯವಾಗಿದ್ದರೆ ನಿಮ್ಮ ನಿವ್ವಳ ಗೆಲುವು ಸೊನ್ನೆಯಾಗಿ ₹45,000 ಪೂರ್ತಿ ವಾಪಸ್ ಬರುತ್ತಿತ್ತು. ಇದು ನ್ಯಾಯವೇ ಎಂದು ಕೇಳಿದರೆ ನನ್ನ ಬಳಿಯೂ ಒಳ್ಳೆಯ ಸಮರ್ಥನೆಯಿಲ್ಲ. ಆದಾಯ ವರ್ಷದ್ದೆಂದ ಮೇಲೆ ಸೋಲೂ ವರ್ಷದ್ದೇ ಆಗಬೇಕೆಂಬ ವಾದದಲ್ಲಿ ತಿರುಳಿದೆ. ಆದರೆ ನೋಟಿಸ್‌ಗೆ ಉತ್ತರಿಸುವ ಈ ಹಂತದಲ್ಲಿ ಅದನ್ನು ನೆಚ್ಚಿಕೊಂಡು ಮತ್ತೆ ಸೊನ್ನೆ ತೋರಿಸುವುದಕ್ಕೆ ನಾನು ಸಲಹೆ ಕೊಡಲಾರೆ. ಆ ನಷ್ಟವನ್ನು ಸಂಬಳದಲ್ಲಿ ಕಳೆಯಲೂ ಮುಂದಿನ ವರ್ಷಕ್ಕೆ ಒಯ್ಯಲೂ ಬರುವುದಿಲ್ಲ.

ಲೆಕ್ಕ ಕೆಡುವ ಜಾಗಗಳಲ್ಲಿ ಮುಖ್ಯವಾದದ್ದು ಬೋನಸ್. ಕಳೆಯಬಹುದಾದದ್ದು ನೀವು ಹಾಕಿದ ಹಣವನ್ನು ಮಾತ್ರ. ಸಾಲ ತಂದು ಹಾಕಿದ ಹಣವೂ ಇದರಲ್ಲಿ ಸೇರುತ್ತದೆ ಎಂದು ಕೇಂದ್ರೀಯ ನೇರ ತೆರಿಗೆ ಮಂಡಳಿಯ 2023ರ ಮೇ 22ರ ಸುತ್ತೋಲೆ ಸ್ಪಷ್ಟಪಡಿಸಿದೆ. ಆದರೆ ಸ್ನೇಹಿತರನ್ನು ಸೇರಿಸಿದ್ದಕ್ಕೋ ಪ್ರೋತ್ಸಾಹಕವಾಗಿಯೋ ಕಂಪನಿ ಜಮಾ ಮಾಡಿದ ಬೋನಸ್ ನಿಮ್ಮ ಠೇವಣಿಯಲ್ಲ, ಅದನ್ನು ಕಳೆಯಬಾರದು. ಆಡುವುದಕ್ಕಷ್ಟೇ ಬಳಸಬಹುದಾದ, ನಗದಾಗಿ ತೆಗೆಯಲಾಗದ ಬೋನಸ್ಸನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ಆ್ಯಪ್‌ನ ಹೇಳಿಕೆಯಲ್ಲಿ ಇವೆಲ್ಲ ಒಂದೇ ಜಮಾ ಕಾಲಂನಲ್ಲಿ ಬೆರೆತಿದ್ದರೆ, ನಿಮ್ಮ ಬ್ಯಾಂಕ್ ಖಾತೆಯಿಂದ ಹೋದ ಪಾವತಿಗಳನ್ನು ಒಂದೊಂದಾಗಿ ತಾಳೆ ನೋಡಿ ಬೇರ್ಪಡಿಸಿ.

ಈಗ ನೋಟಿಸ್. 139(9) ಎಂದರೆ ದೋಷಪೂರಿತ ರಿಟರ್ನ್ ಎಂಬ ಸೂಚನೆ. ಅದು ದಂಡದ ಆದೇಶವಲ್ಲ. ಟಿಡಿಎಸ್ ಕೇಳಿದ್ದೀರಿ, ಆ ಟಿಡಿಎಸ್‌ಗೆ ಸಂಬಂಧಿಸಿದ ಆದಾಯವನ್ನು ಮಾತ್ರ ಎಲ್ಲಿಯೂ ತೋರಿಸಿಲ್ಲ ಎಂಬುದೇ ಅವರು ಎತ್ತಿದ ದೋಷ. ಉತ್ತರಕ್ಕೆ 15 ದಿನಗಳಿವೆ, ಕಾರಣ ಕೊಟ್ಟು ಹೆಚ್ಚಿನ ಸಮಯ ಕೇಳಬಹುದು. ಸುಮ್ಮನಿದ್ದರೆ ರಿಟರ್ನ್ ಅಸಿಂಧುವಾಗಿ, ನೀವು ಸಲ್ಲಿಸಿಯೇ ಇಲ್ಲವೆಂಬ ಸ್ಥಿತಿ ಬರುತ್ತದೆ. ತಡವಾಗಿ ಸಲ್ಲಿಸುವ ಗಡುವೂ ಮುಗಿದಿದ್ದರೆ ಉಳಿಯುವುದು ಪರಿಷ್ಕೃತ ರಿಟರ್ನ್ ಅಲ್ಲ, ಐಟಿಆರ್-ಯು ಎಂಬ ಅಪ್‌ಡೇಟೆಡ್ ರಿಟರ್ನ್ ಮಾತ್ರ, ಮತ್ತು ಅದರ ಮೂಲಕ ಮರುಪಾವತಿ ಕೇಳುವಂತಿಲ್ಲ. ನಿಮ್ಮ ₹32,520 ನಿಂತಿರುವುದು ಈ 15 ದಿನಗಳ ಮೇಲೆ.

ಪೋರ್ಟಲ್‌ನಲ್ಲಿ ದೋಷವನ್ನು ಒಪ್ಪಿಕೊಂಡು, 139(9)ರ ನೋಟಿಸ್‌ಗೆ ಉತ್ತರವಾಗಿ ಎಂಬ ಆಯ್ಕೆಯಲ್ಲೇ ತಿದ್ದಿದ ಐಟಿಆರ್-2 ಸಲ್ಲಿಸಿ. ಅವಸರದಲ್ಲಿ ಪರಿಷ್ಕೃತ ರಿಟರ್ನ್ ಎಂದು ಗುರುತಿಸಿದರೆ ನೋಟಿಸ್ ಉತ್ತರವಿಲ್ಲದೆ ಹಾಗೆಯೇ ಉಳಿಯುತ್ತದೆ. ಇತರ ಮೂಲಗಳ ಆದಾಯದ ಶೆಡ್ಯೂಲ್ ಓಎಸ್‌ನಲ್ಲಿ, ವಿಶೇಷ ದರದ ಭಾಗದಡಿ, 115ಬಿಬಿಜೆ ಗೆಲುವಿನ ಸಾಲಿನಲ್ಲಿ ₹40,000 ನಮೂದಿಸಿ. ಅದೇ ಶೆಡ್ಯೂಲ್‌ನ ಕೊನೆಗೆ ಆದಾಯ ಬಂದ ಅವಧಿ ಕೇಳುವಲ್ಲಿ ಜೂನ್ 16ರಿಂದ ಸೆಪ್ಟೆಂಬರ್ 15ರ ಅವಧಿಯನ್ನು ಬಳಸಿ. ಟಿಡಿಎಸ್ ₹45,000 ಪೂರ್ತಿಯಾಗಿ ಕೇಳಿ.

₹1,50,000 ಇದ್ದಲ್ಲಿ ₹40,000 ಕಂಡು ಗಣಕವ್ಯವಸ್ಥೆ ಮತ್ತೊಮ್ಮೆ ಪ್ರಶ್ನೆ ಎತ್ತುವ ಸಾಧ್ಯತೆ ಇದೆ. ಈ ಕಿರಿಕಿರಿ ತಪ್ಪಲೆಂದು ಒಂದೂವರೆ ಲಕ್ಷವನ್ನೇ ಒಪ್ಪಿಕೊಂಡುಬಿಡಿ ಎನ್ನುವವರಿದ್ದಾರೆ. ಹಾಗೆ ಮಾಡಿದರೆ ತೆರಿಗೆ ₹46,800 ಆಗಿ, ಮರುಪಾವತಿಯ ಮಾತಿರಲಿ, ನೀವೇ ₹1,800 ಕಟ್ಟಬೇಕಾಗುತ್ತದೆ. ನಿಯಮ ಕೇಳದಿರುವ ₹34,320ವನ್ನು ನೆಮ್ಮದಿಯ ಬೆಲೆಯೆಂದು ಕೊಡುವ ಅಗತ್ಯ ನನಗೆ ಕಾಣುವುದಿಲ್ಲ. ಬದಲಿಗೆ ಎಐಎಸ್‌ನಲ್ಲಿ ಆ ನಮೂದನ್ನು ಅಲ್ಲಗಳೆಯದೆ, ಮಾಹಿತಿ ಪೂರ್ತಿ ಸರಿಯಿಲ್ಲ ಎಂಬ ಆಯ್ಕೆಯಲ್ಲಿ ಪ್ರತಿಕ್ರಿಯೆ ಕೊಡಿ. ಮುಂದೆ ವಿವರಣೆ ಕೇಳಿದರೆ 133ನೇ ನಿಯಮದ ವಾರ್ಷಿಕ ಲೆಕ್ಕವನ್ನು ಒಂದು ಪುಟದಲ್ಲಿ ಬರೆದು, ಆ್ಯಪ್‌ನ ವರ್ಷದ ಹೇಳಿಕೆ, ಜುಲೈ ತ್ರೈಮಾಸಿಕದ ಫಾರ್ಮ್ 16ಎ ಮತ್ತು ಬ್ಯಾಂಕ್ ಹೇಳಿಕೆಯನ್ನು ಲಗತ್ತಿಸಿ.

ಆ ಹೇಳಿಕೆಯನ್ನು ಇಂದೇ ಇಳಿಸಿಕೊಳ್ಳಿ. 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಹಣದ ಆಟಗಳನ್ನು ನಿಷೇಧಿಸುವ ಕೇಂದ್ರ ಕಾಯ್ದೆ ಬಂದ ಬಳಿಕ ಕಂಪನಿಗಳು ಆ ಆಟಗಳನ್ನು ನಿಲ್ಲಿಸಿವೆ. ನಿಷೇಧದಿಂದ ಹಿಂದಿನ ವರ್ಷದ ತೆರಿಗೆ ಬಾಧ್ಯತೆಯೇನೂ ಅಳಿಯುವುದಿಲ್ಲ, ಆದರೆ ಆ್ಯಪ್‌ನೊಳಗಿನ ಹಳೆಯ ವಹಿವಾಟಿನ ಪಟ್ಟಿ ಎಷ್ಟು ಕಾಲ ಕೈಗೆ ಸಿಗುವುದೆಂಬ ಭರವಸೆ ಇಲ್ಲ. ಆ್ಯಪ್ ತೆರೆಯದಿದ್ದರೆ ಕಂಪನಿಯ ಗ್ರಾಹಕ ಸೇವಾ ವಿಭಾಗಕ್ಕೆ ಇ-ಮೇಲ್ ಬರೆದು, ನಿಮ್ಮ ಪ್ಯಾನ್ ಮತ್ತು ನೋಂದಾಯಿತ ಮೊಬೈಲ್ ಸಂಖ್ಯೆ ಕೊಟ್ಟು, 2024ರ ಏಪ್ರಿಲ್ 1ರಿಂದ 2025ರ ಮಾರ್ಚ್ 31ರವರೆಗಿನ ಠೇವಣಿ, ಹಿಂಪಡೆತ ಮತ್ತು ಎರಡೂ ತುದಿಯ ಬಾಕಿಯ ಪಟ್ಟಿಯನ್ನು ಕೇಳಿ. ಅದು ಬರುವುದು ತಡವಾಗುವಂತಿದ್ದರೆ ನೋಟಿಸ್‌ಗೆ ಹೆಚ್ಚುವರಿ ಸಮಯ ಕೇಳಲು ಅದೇ ಸಾಕಷ್ಟು ಕಾರಣ.