ಎಮ್ಮೆಯ ಬೆದೆ ಗುರುತಿಸುವುದು ಮತ್ತು ಕೃತಕ ಗರ್ಭಧಾರಣೆಯ ಸಮಯ

ಪ್ರಶ್ನೆ: ನಮ್ಮ ಎಮ್ಮೆ ಕೂಗುವುದೇ ಇಲ್ಲ. ಬೆದೆಗೆ ಬಂದದ್ದು ತಿಳಿಯುವುದು ಹೇಗೆ, ಯಾವ ಹೊತ್ತಿಗೆ ಇಂಜೆಕ್ಷನ್ ಕೊಡಿಸಬೇಕು? (ಸಾಗರ)

ಉತ್ತರ: ಎಮ್ಮೆಗಳಲ್ಲಿ ಮೂಕ ಬೆದೆ ಸಾಮಾನ್ಯವಾದ್ದರಿಂದ ಕೂಗನ್ನು ಕಾಯದೆ, ನಸುಕಿನಲ್ಲಿ ಎಮ್ಮೆ ಮಲಗಿರುವಾಗಲೇ ಅದರ ಹಿಂಭಾಗವನ್ನು ನೋಡಬೇಕು. ಹಸುವಿನಂತೆ ಲೋಳೆ ಉದ್ದಕ್ಕೆ ಜೋತಾಡದೆ ಒಳಗೇ ನಿಂತು, ಮಲಗಿದಾಗ ಮಾತ್ರ ಹೊರಬೀಳುವುದುಂಟು. ನಮ್ಮ ಕಡೆಯ ಕೊಟ್ಟಿಗೆಯಲ್ಲಿ ಹಾಸಿದ ದರಕು ಅದನ್ನೂ ಮರೆಮಾಡುತ್ತದೆ, ಆದ್ದರಿಂದ ಬಾಲದ ಬುಡದಲ್ಲಿ ಒಣಗಿ ಅಂಟಿದ ಹೊಳಪನ್ನೂ ಗಮನಿಸಿ. ಯೋನಿಯ ತುಟಿ ಊದಿ ಸುಕ್ಕು ಮಾಯವಾಗುವುದು, ಪದೇ ಪದೇ ಸ್ವಲ್ಪ ಸ್ವಲ್ಪ ಮೂತ್ರ ಮಾಡುವುದು, ಹಾಲು ತಗ್ಗುವುದು ಜೊತೆಗೂಡಿದರೆ ಅನುಮಾನ ಬೇಡ.

ಅಂಡವು ಬೆದೆ ಮುಗಿದು ಸುಮಾರು 10ರಿಂದ 14 ಗಂಟೆಗಳ ಬಳಿಕ ಬಿಡುಗಡೆಯಾಗುವುದರಿಂದ, ಲಕ್ಷಣ ಕಂಡ ಕೂಡಲೇ ಕೊಡಿಸಿದರೆ ವೀರ್ಯಾಣುಗಳು ಅಷ್ಟು ಹೊತ್ತು ಉಳಿಯದೆ ಗರ್ಭ ನಿಲ್ಲದಿರಬಹುದು. ಬೆಳಗಿನ 5 ಗಂಟೆಗೆ ಮೊದಲು ಕಂಡರೆ ಸಂಜೆ 5ರ ಸುಮಾರಿಗೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕೊಡಿಸಿ. ಸಂಜೆಯ ಭೇಟಿಗೆ ಪಶುವೈದ್ಯರಿಗೆ ಬೆಳಿಗ್ಗೆಯೇ ತಿಳಿಸಿಡುವುದು ಒಳ್ಳೆಯದು. ಮರುದಿನವೂ ಬೆದೆ ಇಳಿಯದಿದ್ದರೆ ಮತ್ತೊಮ್ಮೆ ಕೊಡಿಸಬೇಕಾಗುತ್ತದೆ. ಲೋಳೆ ಗಾಜಿನಂತೆ ತಿಳಿಯಾಗಿರದೆ ಕೀವು ಬೆರೆತು ಬೆಳ್ಳಗಿದ್ದರೆ ಅದು ಗರ್ಭಕೋಶದ ಸೋಂಕು. ಆ ಸಲ ಕೊಡಿಸದೆ ಚಿಕಿತ್ಸೆ ಮಾಡಿಸಿ, ಸುಮಾರು 21 ದಿನಗಳ ನಂತರದ ಬೆದೆಗೆ ಕಾಯಿರಿ.