ಡಬ್ಬಿಗೆ ಬೀಳದೆ ಹೋದ ಮೊದಲ ಹನಿ

ಪ್ರಶ್ನೆ: ಮದುವೆಯಾಗಿ ಎರಡು ವರ್ಷ. ವೀರ್ಯ ಪರೀಕ್ಷೆಯ ರಿಪೋರ್ಟ್ ಬಂದಿದೆ: ಪ್ರಮಾಣ 2.5 ಮಿ.ಲೀ., ಕೌಂಟ್ ಮಿ.ಲೀ.ಗೆ 18 ಮಿಲಿಯನ್, ಮುಂದಕ್ಕೆ ಚಲಿಸುವವು 28%, ಸಾಮಾನ್ಯ ಆಕಾರ 3%. ಅಂದರೆ 97% ವಿಕಾರ! ಯಾವ ಔಷಧಿ ತೆಗೆದುಕೊಂಡರೆ ಇದು ಸರಿಹೋಗುತ್ತದೆ?

ಆ ಆಶ್ಚರ್ಯಸೂಚಕ ಚಿಹ್ನೆಯನ್ನು ನಾನೂ ಒಮ್ಮೆ ಹಾಕಿದ್ದೆ. ನನ್ನ ಮೊದಲ ರಿಪೋರ್ಟ್ ನಿಮ್ಮದಕ್ಕಿಂತ ಕೆಟ್ಟದಾಗಿತ್ತು: 1.1 ಮಿ.ಲೀ., ಕೌಂಟ್ 9 ಮಿಲಿಯನ್, ಚಲನೆ 22%, ಆಕಾರ 3%. ಅದನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡು ಹನ್ನೊಂದು ತಿಂಗಳು ಓಡಾಡಿದೆ.

ತಪ್ಪು ನಡೆದದ್ದು ಪ್ರಯೋಗಾಲಯದ ಶೌಚಾಲಯದಲ್ಲಿ. ಹೊರಗೆ ಯಾರೋ ಬಾಗಿಲು ಬಡಿಯುತ್ತಿದ್ದರು, ಕೈ ನಡುಗುತ್ತಿತ್ತು, ಮೊದಲ ಭಾಗ ಡಬ್ಬಿಯ ಹೊರಗೆ ಬಿತ್ತು. ಉಳಿದದ್ದನ್ನು ಹಿಡಿದು ಮುಚ್ಚಳ ಹಾಕಿದೆ. ‘ಮಾದರಿ ಪೂರ್ತಿ ಸಂಗ್ರಹವಾಗಿದೆಯೇ?’ ಎಂದು ಫಾರಂನಲ್ಲಿ ಕೇಳಿತ್ತು. ಎದುರಿಗೆ ಕುಳಿತಿದ್ದ ಹುಡುಗಿಗೆ ‘ಚೆಲ್ಲಿತು’ ಎಂದು ಹೇಳಲಾರದೆ ‘ಹೌದು’ ಎಂಬಲ್ಲಿ ಗುರುತು ಹಾಕಿದೆ. ಚೆಲ್ಲಿದ್ದು ನಾಲ್ಕು ಹನಿ, ಅದರಲ್ಲೇನಿದೆ ಎಂದುಕೊಂಡೆ. ಇರುವುದೆಲ್ಲ ಅದರಲ್ಲೇ! ವೀರ್ಯ ಒಂದೇ ಹದದಲ್ಲಿ ಬರುವುದಿಲ್ಲ. ವೀರ್ಯಾಣುಗಳಲ್ಲಿ ಹೆಚ್ಚಿನವು ಮೊದಲ ಭಾಗದಲ್ಲೇ ಬಂದುಬಿಡುತ್ತವೆ. ಆಮೇಲೆ ಬರುವುದು ಬಹುಪಾಲು ವೀರ್ಯಕೋಶದ ದ್ರವ. ನಾನು ಕೊಟ್ಟುಬಂದದ್ದು ಆ ದ್ರವವನ್ನು. ಕೊನೆಯ ಭಾಗ ಚೆಲ್ಲಿದ್ದರೆ ಇಷ್ಟು ನಷ್ಟವಾಗುತ್ತಿರಲಿಲ್ಲ. ಸಾಲದೆಂಬಂತೆ, ಹೆಚ್ಚು ಕೂಡಿಡಲಿ ಎಂದು ಹನ್ನೊಂದು ದಿನ ತಡೆದುಕೊಂಡಿದ್ದೆ. ಎರಡರಿಂದ ಏಳು ದಿನ ಎಂಬ ನಿಯಮ ಸುಮ್ಮನೆ ಮಾಡಿದ್ದಲ್ಲ. ಹೆಚ್ಚು ದಿನವಾದರೆ ಹಳೆಯ ವೀರ್ಯಾಣುಗಳು ಸೇರಿಕೊಂಡು ಚಲನೆಯ ಅಂಕಿ ಇಳಿಯುತ್ತದೆ.

ಆಮೇಲೆ ನಾನೂ ನಿಮ್ಮಂತೆ ಔಷಧಿ ಹುಡುಕಿದೆ. ಪುಡಿ, ಲೇಹ್ಯ, ದುಬಾರಿ ಮಾತ್ರೆ. ದೋಷ ನನ್ನದೇ ಎಂದು ತೀರ್ಮಾನವಾಗಿದ್ದರಿಂದ ಹೆಂಡತಿಯ ಪರೀಕ್ಷೆಯನ್ನು ಯಾರೂ ಎತ್ತಲೇ ಇಲ್ಲ. ಅವಳಿಗಾಗ ಮೂವತ್ತಮೂರು.

ಕೊನೆಗೆ ಒಬ್ಬ ಹಿರಿಯ ವೈದ್ಯರು ರಿಪೋರ್ಟ್ ನೋಡಿ ಕೇಳಿದ ಮೊದಲ ಪ್ರಶ್ನೆ, ‘ಎಲ್ಲ ಡಬ್ಬಿಗೇ ಬಿತ್ತೇನಪ್ಪಾ?’ ನಾಚಿಕೆ ಬಿಟ್ಟು ಹೇಳಿದೆ. ನಾಲ್ಕು ದಿನದ ಅಂತರವಿಟ್ಟು ಮತ್ತೆ ಕೊಟ್ಟಾಗ 2.6 ಮಿ.ಲೀ., ಕೌಂಟ್ 31 ಮಿಲಿಯನ್, ಚಲನೆ 38% ಬಂತು. ಅವರು ಚೀಟಿಯ ಹಿಂದೆ ಗುಣಿಸಿದರು. 2.6ನ್ನು 31ರಿಂದ ಗುಣಿಸಿದರೆ ಒಟ್ಟು ಸುಮಾರು 80 ಮಿಲಿಯನ್, ಅದರಲ್ಲಿ ಮುಂದಕ್ಕೆ ಈಜುವವು 30 ಮಿಲಿಯನ್. ಹಳೆಯ ರಿಪೋರ್ಟಿನಲ್ಲಿ ಅದೇ ಲೆಕ್ಕ 2 ಮಿಲಿಯನ್ ಚಿಲ್ಲರೆ. ಆಕಾರ ಮಾತ್ರ ಆಗಲೂ 3%! ಅದರ ಬಗ್ಗೆ ಅವರು ತಲೆಯೆತ್ತಲೂ ಇಲ್ಲ.

ಹೆಂಡತಿಗೆ ಗರ್ಭನಾಳದ ಎಕ್ಸ್‌ರೇ ತೆಗೆಸಿದಾಗ ಒಂದು ಕಡೆಯ ನಾಳ ಮುಚ್ಚಿರುವುದು ಗೊತ್ತಾಯಿತು. ಹನ್ನೊಂದು ತಿಂಗಳ ಹಿಂದೆಯೇ ಗೊತ್ತಾಗಬಹುದಾಗಿತ್ತು.

ಈಗ ನಿಮ್ಮ 97%. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಸಾಮಾನ್ಯ ಆಕಾರದ ಕೆಳಗೆರೆಯೇ 4%. ತಲೆ, ಕತ್ತು, ಬಾಲ ಮೂರನ್ನೂ ಅಷ್ಟು ಬಿಗಿಯಾಗಿ ಅಳೆಯುತ್ತಾರೆ. ತಲೆ ತುಸು ದಪ್ಪವಿದ್ದರೂ ಅಸಾಮಾನ್ಯದ ಲೆಕ್ಕಕ್ಕೆ ಹೋಗುತ್ತದೆ. ಹುಟ್ಟುವ ಮಗುವಿನ ರೂಪಕ್ಕೂ ಇದಕ್ಕೂ ಸಂಬಂಧ ಕಟ್ಟಬೇಡಿ. ಇನ್ನು ಆ ಗೆರೆ ಎಳೆದದ್ದು ಹೇಗೆ? ಪ್ರಯತ್ನಿಸಿದ ಒಂದು ವರ್ಷದೊಳಗೆ ಸಹಜವಾಗಿ ತಂದೆಯಾದವರ ಅಂಕಿಗಳನ್ನು ಸಾಲಾಗಿ ಜೋಡಿಸಿ, ನೂರರಲ್ಲಿ ಕೊನೆಯ ಐವರು ಎಲ್ಲಿ ಬರುತ್ತಾರೋ ಅಲ್ಲಿ. ಗೆರೆಯ ಕೆಳಗಿದ್ದವರೂ ತಂದೆಯರೇ. ಮೇಲಿದ್ದ ಮಾತ್ರಕ್ಕೆ ಖಾತರಿಯೂ ಇಲ್ಲ. ರಿಪೋರ್ಟ್ ಪಾಸು-ಫೇಲಿನ ಅಂಕಪಟ್ಟಿಯಲ್ಲ.

ನಿಮ್ಮ ಕೌಂಟ್ ಮಿ.ಲೀ.ಗೆ 16 ಎಂಬ ಗೆರೆಯ ಮೇಲಿದೆ. ಒಟ್ಟು 45 ಮಿಲಿಯನ್, ಗೆರೆ 39. ಚಲನೆಯ ಗೆರೆ 30%, ನಿಮ್ಮದು 28. ಇಷ್ಟು ವ್ಯತ್ಯಾಸ ಒಬ್ಬನದೇ ಎರಡು ಮಾದರಿಗಳ ನಡುವೆ ಧಾರಾಳವಾಗಿ ಬರುತ್ತದೆ. ಈಜುವವು ಒಟ್ಟು 12.6 ಮಿಲಿಯನ್. ನಾನಾಗಿದ್ದರೆ ಈ ಕಾಗದಕ್ಕೆ ಒಂದು ಮಾತ್ರೆಯನ್ನೂ ನುಂಗುತ್ತಿರಲಿಲ್ಲ. ಇನ್ನೊಂದು ಮಾದರಿ ಕೊಟ್ಟು, ಎರಡು ರಿಪೋರ್ಟನ್ನೂ ವೈದ್ಯರಿಗೆ ತೋರಿಸಿ, ಅದೇ ವಾರ ಹೆಂಡತಿಯ ಪರೀಕ್ಷೆಯನ್ನೂ ಶುರುಮಾಡಿಸುತ್ತಿದ್ದೆ. ಕೌಂಟ್ ಸೊನ್ನೆ ಬಂದಿದ್ದರೆ ಮಾತೇ ಬೇರೆ. ಆಗ ಅಂತರ್ಜಾಲದಲ್ಲಿ ಕೇಳುತ್ತಾ ಕೂರಬಾರದು.

ಅದಿರಲಿ, ಎಷ್ಟು ದಿನದ ಅಂತರವಿಟ್ಟು ಕೊಟ್ಟಿರಿ? ಹಿಂದಿನ ಮೂರು ತಿಂಗಳಲ್ಲಿ ಜೋರು ಜ್ವರವೇನಾದರೂ ಬಂದಿತ್ತೇ? ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಹಿಡಿಯುವುದರಿಂದ ಹಳೆಯ ಜ್ವರ ಈಗಿನ ರಿಪೋರ್ಟಿನಲ್ಲಿ ಕಾಣಿಸುತ್ತದೆ. ಮತ್ತೆ, ಎಲ್ಲ ಡಬ್ಬಿಗೇ ಬಿತ್ತೇ?