ಟೀಚರಿಗೆ ಫೀಸು ಕೇಳುವ ಸಂಕಟ

*ಕುಂಬಳೆ ಹತ್ತಿರ ಮನೆಯಲ್ಲೇ ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಗಣಿತ, ವಿಜ್ಞಾನ ಟ್ಯೂಷನ್ ಕೊಡುತ್ತೇನೆ. ತಿಂಗಳಿಗೆ 700 ರೂಪಾಯಿ. ಮೂರು ಮನೆಯವರು ಜೂನ್‌ನಿಂದ ಸರಿಯಾಗಿ ಕೊಟ್ಟಿಲ್ಲ. ಒಬ್ಬರ ಗಂಡ ದುಬೈಯಲ್ಲಿ. ಇನ್ನೊಬ್ಬರು ಅಡಿಕೆ ಕೊಟ್ಟ ಮೇಲೆ ಎನ್ನುತ್ತಾರೆ. ಜುಲೈಯಲ್ಲಿ ಮಗನ ಕೈಯಲ್ಲಿ 500 ಕಳಿಸಿದ್ದರು. ಮತ್ತೊಬ್ಬರು ಮೆಸೇಜ್ ನೋಡಿ ಸುಮ್ಮನಿರುತ್ತಾರೆ. ನಿನ್ನೆ ಸಿಟ್ಟಿನಲ್ಲಿ ಹೀಗೆ ಬರೆದೆ: ‘ಮೂರು ತಿಂಗಳ ಫೀಸು ಬಾಕಿ. ಎಷ್ಟು ಸಲ ಹೇಳಬೇಕು? ಈ ವಾರದೊಳಗೆ ಕೊಡದಿದ್ದರೆ ಮಗನನ್ನು ಕಳಿಸಬೇಡಿ. ನನಗೂ ಮನೆ ಖರ್ಚು ಇದೆ.’ ವಾಟ್ಸ್ಯಾಪ್ ಗ್ರೂಪಿಗೆ ಹಾಕುವಷ್ಟರಲ್ಲಿ ಕೈ ತಡೆಯಿತು. ಊರಲ್ಲಿ ಮುಖ ನೋಡಬೇಕಲ್ಲ. ಎಂತ ಮಾಡಲಿ?*

ಕೈ ತಡೆದದ್ದು ಒಳ್ಳೆಯದಾಯಿತು ಟೀಚರ್. ಗ್ರೂಪಿಗೆ ಹೋಗಿದ್ದರೆ ತಿಂಗಳು ತಿಂಗಳು ಸರಿಯಾಗಿ ಕೊಡುವವರಿಗೂ ಚುಚ್ಚುತ್ತಿತ್ತು. ಕೊಡದವರು ಮಾತ್ರ ‘ನಮಗಲ್ಲ’ ಎಂದು ಕೂರುತ್ತಿದ್ದರು. ಸಾಲದ ವಿಷಯ ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿಯೇ ಹೋಗಬೇಕು.

ಬರೆಯುವ ಮೊದಲು ಒಂದು ಕೆಲಸ ಇದೆ. ಫೀಸಿನ ಪುಸ್ತಕ ತೆಗೆದು ಒಂದೊಂದು ಮನೆಯ ಲೆಕ್ಕ ಬೇರೆ ಬೇರೆ ಮಾಡಿ. ನಿಮ್ಮ ಕರಡಿನಲ್ಲಿ ‘ಮೂರು ತಿಂಗಳ ಫೀಸು’ ಎಂದಿದೆ. ಅಡಿಕೆಯವರ ಮಟ್ಟಿಗೆ ಅದು ತಪ್ಪು, ಅಲ್ವಾ? ಜೂನ್, ಜುಲೈ, ಆಗಸ್ಟ್ ಸೇರಿ 2,100. ಅದರಲ್ಲಿ 500 ಬಂದಿದೆ. ಬಾಕಿ 1,600. ಆ 500 ಬಿಟ್ಟು ಬರೆದಿರೆಂದರೆ ಅವರು ಮೊದಲು ಹಿಡಿಯುವುದು ಅದನ್ನೇ. ‘ಟೀಚರೇ, ನಾವು ಕೊಟ್ಟದ್ದು ಎಲ್ಲಿ ಹೋಯಿತು?’ ಎಂದು ಕೇಳುತ್ತಾರೆ. ಅಲ್ಲಿಗೆ ನೀವು ಕೇಳುವವರಲ್ಲ, ಉತ್ತರ ಹೇಳುವವರು.

ಈಗ ನಿಮ್ಮ ವಾಕ್ಯಗಳನ್ನು ನೋಡೋಣ. ‘ಎಷ್ಟು ಸಲ ಹೇಳಬೇಕು?’ ತೆಗೆಯಿರಿ. ಅದರಲ್ಲಿ ಸಿಟ್ಟು ಇದೆ, ಮಾಹಿತಿ ಇಲ್ಲ. ‘ನನಗೂ ಮನೆ ಖರ್ಚು ಇದೆ’ ಕೂಡ ಬೇಡ. ನೀವು ಪಾಠ ಮಾಡಿದ್ದೀರಿ, ಕೇಳುವುದಕ್ಕೆ ಅಷ್ಟು ಸಾಕು. ನಿಮ್ಮ ಕಷ್ಟ ಹೇಳಿಕೊಂಡರೆ ಅವರೂ ಅವರ ಕಷ್ಟ ಹೇಳುತ್ತಾರೆ. ಯಾರದು ದೊಡ್ಡದು ಎಂದು ತೂಗುತ್ತಾ ಕೂರಬೇಕಾಗುತ್ತದೆ. ‘ಈ ವಾರದೊಳಗೆ’ ಎನ್ನುವುದು ಗಟ್ಟಿ ಕೇಳುತ್ತದೆ, ಆದರೆ ಸಡಿಲ ಮಾತು. ಶನಿವಾರವೋ ಭಾನುವಾರವೋ? ತಾರೀಕು ಹಾಕಿ. ‘ಮಗನನ್ನು ಕಳಿಸಬೇಡಿ’ ಎನ್ನುವುದನ್ನು ಮೊದಲ ಮೆಸೇಜಿನಲ್ಲೇ ಹೇಳಿದರೆ ಎರಡನೆಯದರಲ್ಲಿ ಹೇಳಲಿಕ್ಕೆ ಏನೂ ಉಳಿಯುವುದಿಲ್ಲ.

ಅಡಿಕೆಯವರಿಗೆ ನಾನಾದರೆ ಹೀಗೆ ಬರೆಯುತ್ತಿದ್ದೆ:

‘ನಮಸ್ಕಾರ ಅಣ್ಣ. ಟ್ಯೂಷನ್ ಟೀಚರ್ ಬರೆಯುವುದು. ಜೂನ್, ಜುಲೈ, ಆಗಸ್ಟ್ ತಿಂಗಳ ಫೀಸು ಒಟ್ಟು 2,100 ರೂಪಾಯಿ. ಜುಲೈಯಲ್ಲಿ ನೀವು ಕಳಿಸಿದ 500 ಸಿಕ್ಕಿದೆ. ಉಳಿದ 1,600 ರೂಪಾಯಿ ಸೆಪ್ಟೆಂಬರ್ 15ರ ಒಳಗೆ ಕೊಡಬೇಕು ಎಂದು ಕೇಳಿಕೊಳ್ಳುತ್ತೇನೆ. ಒಟ್ಟಿಗೆ ಕಷ್ಟವಾದರೆ 15ಕ್ಕೆ 800, ಅಕ್ಟೋಬರ್ 5ಕ್ಕೆ 800 ಕೊಡಬಹುದು. ಸೆಪ್ಟೆಂಬರ್ ಫೀಸು ಇದರಲ್ಲಿ ಸೇರಿಲ್ಲ. ಎರಡರಲ್ಲಿ ಯಾವುದು ಎಂದು ನಾಳೆ ಒಂದು ಮಾತು ತಿಳಿಸಿ. ನನ್ನ ಲೆಕ್ಕದಲ್ಲಿ ತಪ್ಪಿದ್ದರೆ ಹೇಳಿ, ಪುಸ್ತಕ ನೋಡುತ್ತೇನೆ.’

ಇದರಲ್ಲಿ ಗಟ್ಟಿ ಮಾತು ಎಲ್ಲಿದೆ ಎಂದು ಕೇಳಬಹುದು. ಮೊತ್ತದಲ್ಲಿ, ತಾರೀಕಿನಲ್ಲಿ, ‘ಯಾವುದು’ ಎಂಬ ಪ್ರಶ್ನೆಯಲ್ಲಿ ಇದೆ. ‘ಸಾಧ್ಯವಾದರೆ’, ‘ನಿಮಗೆ ಅನುಕೂಲ ಆದಾಗ’ ಎಂದು ಎಲ್ಲೂ ಸೇರಿಸಬೇಡಿ. ನಮ್ಮ ಕಡೆ ದಾಕ್ಷಿಣ್ಯಕ್ಕೆ ಮೊದಲು ಬಾಯಿಗೆ ಬರುವುದೇ ಅದು. ಅನುಕೂಲ ಆದಾಗ ಎಂದು ನೀವೇ ಬರೆದ ಮೇಲೆ ಅವರಿಗೆ ಅನುಕೂಲ ಆಗದೇ ಇರುವುದರಲ್ಲಿ ತಪ್ಪೇನಿದೆ? ಸೆಪ್ಟೆಂಬರ್ ಫೀಸಿನ ಸಾಲನ್ನೂ ಬಿಡಬೇಡಿ. ಹಳೆಯದು ತೀರುವಷ್ಟರಲ್ಲಿ ಹೊಸದು ಬೆಳೆದು ನಿಂತಿರುತ್ತದೆ.

ಎರಡು ಕಂತಿನ ಮಾತು ಇವರಿಗೆ ಮಾತ್ರ. ಆಟಿ ಮಳೆಯಲ್ಲಿ ತೋಟದವರ ಕೈ ಬಿಗಿ ಇರುವುದು ಸುಳ್ಳಲ್ಲ. ಆದರೆ ‘ಅಡಿಕೆ ಕೊಟ್ಟ ಮೇಲೆ’ ಎನ್ನುವುದು ತಾರೀಕಲ್ಲ. ಚಾಲಿ ಮಾಡಿ ಅಟ್ಟದಲ್ಲಿಟ್ಟವರು ರೇಟು ಏರಲಿ ಎಂದು ಕಾಯುವುದೂ ಉಂಟು. ಆ ಕಾಯುವಿಕೆಗೆ ನಿಮ್ಮ 1,600 ಬಂಡವಾಳ ಆಗಬಾರದು.

ದುಬೈಯವರದು ಬೇರೆ ಕಥೆ. ಅಲ್ಲಿ ಮೆಸೇಜ್ ನೋಡುವವರು ಹೆಂಡತಿ, ದುಡ್ಡು ಕಳಿಸುವವರು ಗಂಡ. ಆಕೆ ‘ಇವರಿಗೆ ಹೇಳ್ತೇನೆ ಟೀಚರ್’ ಎನ್ನುವುದು ನಿಜವಾಗಿಯೂ ಇರಬಹುದು. ಕುಟುಂಬದ ಒಪ್ಪಿಗೆ ಕೇಳಿ ಇಬ್ಬರಿಗೂ ಒಂದೇ ಮೆಸೇಜ್ ಕಳಿಸಿ. ಕಂತು ಬೇಡ. ಅಲ್ಲಿ ಸಂಬಳ ಬರುವ ದಿನ ಕೇಳಿಕೊಂಡು ಅದರ ಮರುದಿನದ ತಾರೀಕು ಹಾಕಿ. ಇನ್ನೊಂದು ಸಣ್ಣ ವಿಷಯ. ಆಕೆ ಮಲಯಾಳಂ ಮೀಡಿಯಂನಲ್ಲಿ ಓದಿದವರಾದರೆ ಕನ್ನಡ ಮಾತಾಡಿದರೂ ಕನ್ನಡ ಅಕ್ಷರ ಓದಲು ಕಷ್ಟ ಇರಬಹುದು. ನಮ್ಮ ಕಾಸರಗೋಡಲ್ಲಿ ಇದು ಹೊಸತಲ್ಲ. ಬರೆದದ್ದನ್ನೇ ನಿಧಾನವಾಗಿ ಓದಿ ವಾಯ್ಸ್ ಮೆಸೇಜ್ ಕೂಡ ಕಳಿಸಿ. ಮೊತ್ತ, ತಾರೀಕು ಮಾತ್ರ ಬರವಣಿಗೆಯಲ್ಲಿ ಇರಲೇಬೇಕು.

ನೋಡಿ ಸುಮ್ಮನಿರುವವರಿಗೂ ಮೊದಲ ಮೆಸೇಜ್ ಅದೇ ತರಹ, 2,100ಕ್ಕೆ, ಕಂತಿಲ್ಲದೆ. ಎರಡು ದಿನ ಉತ್ತರ ಇಲ್ಲದಿದ್ದರೆ ಮತ್ತೆ ಮೆಸೇಜ್ ಬೇಡ, ರಾತ್ರಿ ಎಂಟರ ಹೊತ್ತಿಗೆ ಫೋನ್ ಮಾಡಿ. ‘ಮೆಸೇಜ್ ನೋಡಿದ್ರಾ? 15ಕ್ಕೆ ಆಗ್ತದಾ?’ ಎಂದು ಕೇಳಿ ಸುಮ್ಮನಿರಿ. ಆ ಮೌನ ತುಂಬಲು ನೀವೇ ‘ಪರವಾಗಿಲ್ಲ’ ಎಂದುಬಿಡುತ್ತೀರಿ, ಅಲ್ಲೇ ಎಚ್ಚರ ಬೇಕು.

15 ಕಳೆದೂ ಬಾರದಿದ್ದರೆ 16ಕ್ಕೆ ಎರಡನೆಯದು:

‘ನಿನ್ನೆಗೆ ಹೇಳಿದ ದಿನ ಕಳೆಯಿತು. 2,100 ಇನ್ನೂ ಬಂದಿಲ್ಲ. ಸೆಪ್ಟೆಂಬರ್ ಕೊನೆವರೆಗೆ ಪಾಠ ಮುಂದುವರಿಸುತ್ತೇನೆ. ಬಾಕಿ ತೀರದಿದ್ದರೆ ಅಕ್ಟೋಬರ್ 1ರಿಂದ ಕ್ಲಾಸಿಗೆ ಸೇರಿಸಿಕೊಳ್ಳಲು ನನಗೆ ಆಗುವುದಿಲ್ಲ. ಈ ವಿಷಯ ಮಗುವಿನ ಹತ್ತಿರ ಮಾತಾಡುವುದಿಲ್ಲ, ನಿಮಗೆ ಮಾತ್ರ ಹೇಳುತ್ತಿದ್ದೇನೆ.’

ನಿಜವಾಗಿ ನಿಲ್ಲಿಸಲು ಮನಸ್ಸಿದ್ದರೆ ಮಾತ್ರ ಇದನ್ನು ಕಳಿಸಿ. ಅಕ್ಟೋಬರ್ 1ಕ್ಕೆ ಹುಡುಗ ಚೀಲ ಹಿಡಿದು ಜಗಲಿಯಲ್ಲಿ ನಿಂತಾಗ ಒಳಗೆ ಕರೆಯುವವರಾದರೆ ಈ ಮೆಸೇಜ್ ಬೇಡವೇ ಬೇಡ. ಆಗ ನೇರ ಮನೆಗೆ ಹೋಗಿ ಕೂತು ಕೇಳುವುದೇ ವಾಸಿ. ಮಗುವಿನ ಮಾತು ಸುಮ್ಮನೆ ಸೇರಿಸಿದ್ದಲ್ಲ. ಪೆರ್ಲದಲ್ಲಿ ಟ್ಯೂಷನ್ ಮಾಡುತ್ತಿದ್ದಾಗ ನಾನೊಮ್ಮೆ ಹುಡುಗನ ಗಣಿತ ಪುಸ್ತಕದ ಕೊನೆ ಪುಟದಲ್ಲಿ ‘ಫೀಸು ಬಾಕಿ’ ಎಂದು ಬರೆದು ಕಳಿಸಿದ್ದೆ. ಮರುದಿನ ಆ ಪುಟ ಇರಲಿಲ್ಲ, ಬೈಂಡಿನ ಹತ್ತಿರ ಹರಿದ ಅಂಚು ಮಾತ್ರ ಇತ್ತು. ಮನೆಯವರಿಗೆ ವಿಷಯ ತಲುಪಲೇ ಇಲ್ಲ. ಹುಡುಗ ಎರಡು ವಾರ ನನ್ನ ಮುಖ ನೋಡಲಿಲ್ಲ, ಗೊತ್ತಿದ್ದ ಲೆಕ್ಕಕ್ಕೂ ಬೋರ್ಡಿಗೆ ಬರಲಿಲ್ಲ.

ಮುಂದಿನ ಜೂನ್‌ನಲ್ಲಿ ಸೇರಿಸಿಕೊಳ್ಳುವಾಗಲೇ ‘ಆ ತಿಂಗಳ ಫೀಸು 5ನೇ ತಾರೀಕಿನ ಒಳಗೆ’ ಎಂದು ಎಲ್ಲರಿಗೂ ಒಂದೇ ಸಾಲು ಕಳಿಸಿ. ಅದನ್ನು ಗ್ರೂಪಿಗೆ ಹಾಕಬಹುದು.

ದುಡ್ಡು ಬಂದ ಸಂಜೆಯೇ ‘1,600 ಸಿಕ್ಕಿತು ಅಣ್ಣ, ಆಗಸ್ಟ್‌ವರೆಗೆ ಚುಕ್ತಾ’ ಎಂದು ಬರೆಯಿರಿ. ಮಗನ ಕೈಯಲ್ಲಿ ಕಳಿಸಿದರೆ ಅವನ ಎದುರೇ ಎಣಿಸಿ, ಅವನು ಮನೆ ಮುಟ್ಟುವ ಮೊದಲು ಮೆಸೇಜ್ ಹೋಗಿರಲಿ.